ಮದರ್‌ಬೋರ್ಡ್ ಬದಲಾದಾಗ ಡ್ರೈವ್ ಕೇಳುವ 48 ಅಂಕಿಗಳು

ಕಳೆದ ಮಳೆಗಾಲದಲ್ಲಿ ಶಿರಸಿಯಲ್ಲಿರುವ ನನ್ನ ಭಾವನ ಲ್ಯಾಪ್‌ಟಾಪ್ ಒಂದು ಸಂಜೆ ಆರಿದ್ದು ಮತ್ತೆ ಹೊತ್ತಿಕೊಳ್ಳಲಿಲ್ಲ. ಅವರು ಊರಿನ ಅಂಗಡಿಗಳ ಲೆಕ್ಕಪತ್ರ ಬರೆದುಕೊಡುವವರಾದ್ದರಿಂದ ಹಲವರ ತೆರಿಗೆಯ ಕಡತಗಳೆಲ್ಲ ಅದರಲ್ಲಿದ್ದವು. ಯಂತ್ರಕ್ಕೆ ವಾರಂಟಿ ಇತ್ತು. ದುರಸ್ತಿ ಕೇಂದ್ರದವರು ಮದರ್‌ಬೋರ್ಡ್ ಬದಲಿಸಿ, ಡ್ರೈವನ್ನು ಮುಟ್ಟದೆ ಹಾಗೆಯೇ ಮರಳಿ ಜೋಡಿಸಿ ಕಳುಹಿಸಿದರು. ಮನೆಗೆ ತಂದು ಗುಂಡಿ ಒತ್ತಿದಾಗ ವಿಂಡೋಸ್ ಬರುವ ಬದಲು ನೀಲಿ ಪರದೆಯೊಂದು ಬಂದು 48 ಅಂಕಿಗಳ ರಿಕವರಿ ಕೀ ಕೇಳಿತು. "ನಾನು ಯಾವ ಲಾಕನ್ನೂ ಹಾಕಿಲ್ಲವಲ್ಲ, ಇವರೇ ಏನೋ ಹಾಕಿ ಕೊಟ್ಟಿದ್ದಾರೆ" ಎಂದು ಭಾವ ಫೋನಿನಲ್ಲಿ ಹೇಳಿದರು. ಅವರು ಲಾಕ್ ಹಾಕಿರಲಿಲ್ಲ ಎಂಬುದೂ ನಿಜ, ಡ್ರೈವ್ ಮೊದಲ ದಿನದಿಂದಲೇ ಲಾಕ್ ಆಗಿತ್ತು ಎಂಬುದೂ ನಿಜ. ಈ ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದು ತಿಳಿದರೆ ಉಳಿದದ್ದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ.

ವಿಂಡೋಸ್‌ನಲ್ಲಿ ಡ್ರೈವನ್ನು ಗೂಢಲಿಪಿಗೆ ತಿರುಗಿಸುವ ವ್ಯವಸ್ಥೆಯ ಹೆಸರು ಬಿಟ್‌ಲಾಕರ್. ಪ್ರೊ ಆವೃತ್ತಿಯಲ್ಲಿ ಅದನ್ನು ನಾವೇ ಆನ್ ಮಾಡಬಹುದು. ಹೋಮ್ ಆವೃತ್ತಿಯಲ್ಲಿ ಅದೇ ವ್ಯವಸ್ಥೆ "Device encryption" ಎಂಬ ಹೆಸರಿನಲ್ಲಿ ಇದ್ದು, ಹೊಸ ಯಂತ್ರವನ್ನು ಮೊದಲ ಬಾರಿ ಸಿದ್ಧಪಡಿಸುವಾಗ ಯಾರಾದರೂ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ, ಯಂತ್ರಾಂಶ ಅದಕ್ಕೆ ತಕ್ಕಂತಿದ್ದರೆ, ತಾನಾಗಿಯೇ ಜಾರಿಗೆ ಬರುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ 24H2 ಆವೃತ್ತಿಯಲ್ಲಿ ಯಂತ್ರಾಂಶದ ಷರತ್ತುಗಳನ್ನು ಸಡಿಲಿಸಿದ್ದರಿಂದ, ಮೊದಲು ಇದರ ವ್ಯಾಪ್ತಿಗೆ ಬರದಿದ್ದ ಅನೇಕ ಯಂತ್ರಗಳೂ ಹೊಸದಾಗಿ ವಿಂಡೋಸ್ ಹಾಕಿದಾಗ ಎನ್‌ಕ್ರಿಪ್ಟ್ ಆಗುತ್ತಿವೆ. ಹೀಗಾಗಿ "ನಾನು ಆನ್ ಮಾಡಿಲ್ಲ" ಎಂಬ ನೆನಪನ್ನು ನಂಬುವಂತಿಲ್ಲ, ಯಂತ್ರವನ್ನೇ ಕೇಳಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಈ ಎರಡು ಸಾಲುಗಳನ್ನು ಕೊಟ್ಟರೆ ಸಾಕು:

```
manage-bde -status C:
manage-bde -protectors -get C:
```

ಮೊದಲನೆಯದರ ಉತ್ತರದಲ್ಲಿ "Protection Status" ಎದುರು "Protection On" ಎಂದಿದ್ದರೆ ಡ್ರೈವಿಗೆ ಬೀಗ ಬಿದ್ದಿದೆ ಎಂದು ತಿಳಿಯಬೇಕು. ಎರಡನೆಯದು ಆ ಬೀಗವನ್ನು ತೆರೆಯಬಲ್ಲ ಕೀಲಿಗಳು ಯಾವುವು ಎಂಬುದನ್ನು ತೋರಿಸುತ್ತದೆ. ಸಾಮಾನ್ಯವಾಗಿ ಅಲ್ಲಿ ಎರಡು ಕಾಣುತ್ತವೆ. ಒಂದು "TPM", ಇನ್ನೊಂದು "Numerical Password". ಈ ಎರಡನೆಯದರ ಕೆಳಗಿರುವ 48 ಅಂಕಿಗಳೇ ರಿಕವರಿ ಕೀ.

ಕೀಲಿಗಳು ಎರಡು ಏಕೆ ಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಡ್ರೈವಿನಲ್ಲಿರುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಕೀಲಿ ಒಂದೇ. ಅದನ್ನು ಇನ್ನೊಂದು ಮುಖ್ಯ ಕೀಲಿ ಮುಚ್ಚಿಟ್ಟಿರುತ್ತದೆ, ಆ ಮುಖ್ಯ ಕೀಲಿಯ ಹಲವು ಪ್ರತಿಗಳು ಬೇರೆ ಬೇರೆ ರೀತಿಯಲ್ಲಿ ಮುಚ್ಚಿದ ಸ್ಥಿತಿಯಲ್ಲಿ ಅದೇ ಡ್ರೈವಿನಲ್ಲಿ ಕುಳಿತಿರುತ್ತವೆ. ಒಂದೇ ತಿಜೋರಿಯ ಕೀಲಿಯನ್ನು ಎರಡು ಡಬ್ಬಗಳಲ್ಲಿ ಹಾಕಿಟ್ಟಂತೆ. ಯಾವ ಡಬ್ಬ ತೆರೆದರೂ ಒಳಗೆ ಸಿಗುವ ಕೀಲಿ ಅದೇ. ಮೊದಲ ಡಬ್ಬವನ್ನು ತೆರೆಯುವುದು ಟಿಪಿಎಂ ಎಂಬ ಭದ್ರತಾ ಚಿಪ್. ಕೆಲವು ಯಂತ್ರಗಳಲ್ಲಿ ಅದು ಮದರ್‌ಬೋರ್ಡಿಗೆ ಬೆಸೆದ ಪ್ರತ್ಯೇಕ ಚಿಪ್ ಆಗಿರುತ್ತದೆ. ಈಚಿನ ಬಹುತೇಕ ಯಂತ್ರಗಳಲ್ಲಿ ಪ್ರೊಸೆಸರ್ ಮತ್ತು ಫರ್ಮ್‌ವೇರ್ ಸೇರಿ ಆ ಕೆಲಸ ಮಾಡುತ್ತವೆ. ಯಂತ್ರ ಆನ್ ಆದೊಡನೆ ಮೊದಲು ಓಡುವ ಫರ್ಮ್‌ವೇರ್ ಆದ ಬಯಾಸ್‌ನಲ್ಲಿ ಅದಕ್ಕೆ ಇಂಟೆಲ್‌ನಲ್ಲಿ "PTT" ಎಂದೂ ಎಎಮ್‌ಡಿಯಲ್ಲಿ "fTPM" ಎಂದೂ ಹೆಸರಿರುತ್ತದೆ. ಎರಡನೆಯ ಡಬ್ಬವನ್ನು ತೆರೆಯುವುದು 48 ಅಂಕಿಗಳು. ಮೊದಲನೆಯದು ಪ್ರತಿದಿನ ನಮಗೆ ಗೊತ್ತಾಗದಂತೆ ಕೆಲಸ ಮಾಡುತ್ತದೆ, ಆದ್ದರಿಂದಲೇ ಭಾವನಿಗೆ ಬೀಗ ಇದೆ ಎಂಬುದೇ ಎರಡು ವರ್ಷ ತಿಳಿದಿರಲಿಲ್ಲ.

ಟಿಪಿಎಂ ಕೀಲಿ ಕೊಡುವ ಮೊದಲು ಒಂದು ಪರೀಕ್ಷೆ ಮಾಡುತ್ತದೆ. ಯಂತ್ರ ಆನ್ ಆಗುವಾಗ ಓಡುವ ಪ್ರತಿ ಹಂತದ ಅಳತೆಯನ್ನು ಅದು ತನ್ನೊಳಗಿನ ಪಿಸಿಆರ್ ಎಂಬ ಸ್ಥಾನಗಳಲ್ಲಿ ದಾಖಲಿಸುತ್ತದೆ. ಬೀಗ ಹಾಕಿದ ದಿನ ಇದ್ದ ಅಳತೆಗಳೇ ಇಂದೂ ಬಂದರೆ ಕೀಲಿ ಹೊರಬರುತ್ತದೆ, ಇಲ್ಲದಿದ್ದರೆ ಇಲ್ಲ. ಇಲ್ಲಿ ಎರಡು ಬೇರೆ ಬೇರೆ ಸಂದರ್ಭಗಳಿವೆ, ಜನರು ಇವೆರಡನ್ನೂ ಒಂದೇ ಎಂದು ತಿಳಿದು ಗೊಂದಲಕ್ಕೆ ಬೀಳುತ್ತಾರೆ. ಬಯಾಸ್‌ನಲ್ಲಿ ಏನಾದರೂ ಬದಲಾದಾಗ ಚಿಪ್ ಹಳೆಯದೇ ಇರುತ್ತದೆ, ಅಳತೆ ಮಾತ್ರ ಹೊಂದುವುದಿಲ್ಲ. ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿದರೆ ಕೀಲಿ ಮತ್ತೆ ಸಿಗುತ್ತದೆ. ಮದರ್‌ಬೋರ್ಡ್ ಬದಲಾದಾಗ ಚಿಪ್ಪೇ ಹೋಗಿರುತ್ತದೆ. ಹೊಸ ಚಿಪ್ಪಿಗೆ ಆ ಡಬ್ಬದ ಪರಿಚಯವೇ ಇಲ್ಲ. ಆಗ ಉಳಿಯುವುದು 48 ಅಂಕಿಗಳು ಮಾತ್ರ.

ಮೊದಲ ಸಂದರ್ಭವನ್ನು ಮೊದಲು ಮುಗಿಸುತ್ತೇನೆ. ಮೇಲಿನ ಎರಡನೆಯ ಕಮಾಂಡಿನ ಉತ್ತರದಲ್ಲಿ "PCR Validation Profile" ಎಂಬ ಸಾಲು ಇರುತ್ತದೆ. ಅಲ್ಲಿ 7, 11 ಎಂದಿದ್ದರೆ ಆ ಯಂತ್ರದಲ್ಲಿ ಪರೀಕ್ಷೆ ನಡೆಯುವುದು ಮುಖ್ಯವಾಗಿ, ನಂಬಿಕಸ್ಥರ ಸಹಿ ಇರುವ ಪ್ರೋಗ್ರಾಮ್‌ಗಳಿಂದ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ವ್ಯವಸ್ಥೆಯ ಮೇಲೆ. ಬಯಾಸ್‌ನ ಆವೃತ್ತಿ ಬದಲಾದ ಮಾತ್ರಕ್ಕೆ ಅದು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. 0, 2, 4, 11 ಎಂದಿದ್ದರೆ ಫರ್ಮ್‌ವೇರ್‌ನ ಅಳತೆಯೂ ಲೆಕ್ಕಕ್ಕೆ ಬರುವುದರಿಂದ ಬಯಾಸ್ ಅಪ್‌ಡೇಟ್ ಮಾಡಿದೊಡನೆ ನೀಲಿ ಪರದೆ ಬರುವುದನ್ನು ನಿರೀಕ್ಷಿಸಬೇಕು. "ಹಿಂದಿನ ಸಲ ಬಯಾಸ್ ಅಪ್‌ಡೇಟ್ ಮಾಡಿದಾಗ ಏನೂ ಆಗಲಿಲ್ಲ" ಎಂಬ ಅನುಭವ ಇದರಿಂದಾಗಿಯೇ ಭರವಸೆಗೆ ಯೋಗ್ಯವಲ್ಲ: ಈ ಸಲದ ಅಪ್‌ಡೇಟ್ ಸೆಕ್ಯೂರ್ ಬೂಟ್‌ನ ಕೀಲಿಗಳನ್ನು ಮುಟ್ಟಿದರೆ ಅಥವಾ ಫರ್ಮ್‌ವೇರ್‌ನೊಳಗಿನ ಟಿಪಿಎಂ ಅನ್ನು ಅಳಿಸಿದರೆ 7, 11ರ ಯಂತ್ರವೂ ನಿಂತುಬಿಡುತ್ತದೆ. ಬಳಕೆದಾರರು ಏನನ್ನೂ ಮುಟ್ಟದಿರುವಾಗಲೂ ಹೀಗಾದದ್ದುಂಟು. 2024ರ ಜುಲೈ ತಿಂಗಳ ವಿಂಡೋಸ್ ಅಪ್‌ಡೇಟ್ ಹಾಕಿದ ಮೇಲೆ ಕೆಲವು ಯಂತ್ರಗಳು ರಿಕವರಿ ಪರದೆಗೆ ಬಂದು ನಿಂತಿದ್ದವು.

ಕೀ ಕೈಯಲ್ಲಿಲ್ಲದೆ ಈ ಪರದೆ ಬಂದರೆ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನಿನ್ನೆಗೂ ಇಂದಿಗೂ ನಡುವೆ ಬದಲಾದದ್ದು ಏನು? ಬೇರೊಂದು ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಸೆಕ್ಯೂರ್ ಬೂಟ್ ಆಫ್ ಮಾಡಿದ್ದರೆ ಅದನ್ನು ಆನ್ ಮಾಡಿ ನೋಡಬೇಕು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತಾಗ ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ, ಗಡಿಯಾರವೂ ಹಿಂದಿನ ಯಾವುದೋ ವರ್ಷ ತೋರಿಸುತ್ತದೆ. ಅಂಥ ಹೊತ್ತಿನಲ್ಲಿ ಬ್ಯಾಟರಿ ಬದಲಿಸಿ, ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎರಡನ್ನೂ ಮೊದಲಿದ್ದಂತೆ ಆನ್ ಮಾಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಕೀ ಇಲ್ಲದೆಯೇ ವಿಂಡೋಸ್ ತೆರೆಯುತ್ತದೆ. ಈ ಹುಡುಕಾಟದಲ್ಲಿ ಎಂದಿಗೂ ಮುಟ್ಟಬಾರದ ಒಂದು ಆಯ್ಕೆ ಬಯಾಸ್‌ನಲ್ಲಿದೆ: "Clear TPM". ಅದನ್ನು ಒತ್ತಿದರೆ ಮೊದಲ ಡಬ್ಬದ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಎಎಮ್‌ಡಿ ಯಂತ್ರದಲ್ಲಿ ಪ್ರೊಸೆಸರ್ ಬದಲಿಸಿದಾಗ ಬೂಟ್ ಆಗುವ ಮುನ್ನವೇ "Press Y to reset fTPM" ಎಂದು ಕೇಳುವುದುಂಟು. ಅಲ್ಲಿ Y ಒತ್ತುವುದೂ ಇದೇ ಕೆಲಸ ಮಾಡುತ್ತದೆ. ಕೀ ಕೈಯಲ್ಲಿಲ್ಲದಿದ್ದರೆ N ಒತ್ತಬೇಕು. ಹಾಗೆ ಮಾಡಿದರೆ ಹಳೆಯ ಪ್ರೊಸೆಸರ್ ಮರಳಿ ಹಾಕಿ ಡ್ರೈವ್ ತೆರೆಯುವ ದಾರಿ ಉಳಿದಿರುತ್ತದೆ.

ಈಗ ಭಾವನ ಯಂತ್ರಕ್ಕೆ ಬರೋಣ. ಅಲ್ಲಿ ಹಳೆಯ ಬೋರ್ಡ್ ದುರಸ್ತಿ ಕೇಂದ್ರಕ್ಕೆ ಹೋಗಿ ಆಗಿತ್ತು, ಉಳಿದದ್ದು ಕೀ ಹುಡುಕುವ ಕೆಲಸ. ಹೋಮ್ ಆವೃತ್ತಿಯಲ್ಲಿ ತಾನಾಗಿ ಬಿದ್ದ ಬೀಗದ ಕೀ, ಅದು ಬಿದ್ದಾಗ ಲಾಗಿನ್ ಆಗಿದ್ದ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಸೇರಿರುತ್ತದೆ. ಬೇರೆ ಯಾವುದೇ ಸಾಧನದಿಂದ account.microsoft.com/devices/recoverykey ಪುಟಕ್ಕೆ ಹೋಗಿ ಲಾಗಿನ್ ಆದರೆ ಅದು ಕಾಣುತ್ತದೆ. ಭಾವ ತಮ್ಮ ಖಾತೆಯಿಂದ ಲಾಗಿನ್ ಆದರು, ಪುಟ ಖಾಲಿಯಾಗಿತ್ತು. ಇಲ್ಲಿಯೇ ಅನೇಕರು ಕೈಚೆಲ್ಲುತ್ತಾರೆ, ಚೆಲ್ಲಬಾರದು. "ಡಬ್ಬಿಯಿಂದ ತೆಗೆದ ದಿನ ಈ ಯಂತ್ರವನ್ನು ಸಿದ್ಧಪಡಿಸಿದವರು ಯಾರು?" ಎಂದು ಕೇಳಿದೆ. ಪುಣೆಯಲ್ಲಿ ಓದುತ್ತಿರುವ ಮಗ ರಜೆಗೆ ಬಂದಿದ್ದಾಗ ಮಾಡಿಕೊಟ್ಟಿದ್ದ, ತನ್ನ ಖಾತೆಯನ್ನೇ ಹಾಕಿದ್ದ, ಆಮೇಲೆ ಅಪ್ಪನ ಖಾತೆ ಸೇರಿಸಿ ತನ್ನದನ್ನು ತೆಗೆದಿದ್ದ. ಖಾತೆಯನ್ನು ಯಂತ್ರದಿಂದ ತೆಗೆದರೂ ಕೀ ಅವನ ಆನ್‌ಲೈನ್ ಖಾತೆಯಲ್ಲಿಯೇ ಉಳಿದಿತ್ತು. ಮಗ, ಮಗಳು, ಅಳಿಯ, ಯಂತ್ರ ಮಾರಿದ ಅಂಗಡಿಯ ಹುಡುಗ, ಕಾಲೇಜು ಅಥವಾ ಕಚೇರಿ ಕೊಟ್ಟ ಇಮೇಲ್ ಹೀಗೆ ಒಬ್ಬೊಬ್ಬರನ್ನಾಗಿ ನೆನಪಿಸಿಕೊಳ್ಳಬೇಕಾದ್ದು ಇದಕ್ಕಾಗಿ. ಕಚೇರಿ ಅಥವಾ ಕಾಲೇಜಿನ ಖಾತೆಯಾಗಿದ್ದರೆ ಕೀ ಇರುವುದು ಅಲ್ಲಿನ ಐಟಿ ವಿಭಾಗದ ದಾಖಲೆಯಲ್ಲಿ.

ಮಗನ ಪುಟದಲ್ಲಿ ಮೂರು ಕೀಗಳಿದ್ದವು. ಒಂದೊಂದಾಗಿ ಹಾಕಿ ನೋಡುವ ಅಗತ್ಯವಿಲ್ಲ. ನೀಲಿ ಪರದೆಯಲ್ಲಿಯೇ "Recovery key ID" ಎಂಬ ಸಾಲಿನಲ್ಲಿ ಒಂದು ಗುರುತು ಇರುತ್ತದೆ. ಅದರ ಮೊದಲ 8 ಅಕ್ಷರಗಳು ಪುಟದ ಯಾವ ಸಾಲಿನ "Key ID" ಜೊತೆ ಹೊಂದುತ್ತವೆಯೋ ಆ ಸಾಲಿನದೇ ಬೇಕಾದ ಕೀ. ಈ ಗುರುತು ಕೀ ಅಲ್ಲ, ಅದನ್ನು ಯಾರಿಗೆ ಹೇಳಿದರೂ ಅಪಾಯವಿಲ್ಲ. ಅದೇ ಪುಟದಲ್ಲಿ "Drive" ಅಂಕಣದಲ್ಲಿ OSV ಎಂದಿದ್ದರೆ ಅದು ವಿಂಡೋಸ್ ಇರುವ ಡ್ರೈವಿನದು. ಒಂದೂ ಹೊಂದದಿದ್ದರೆ ಆ ಖಾತೆಯಲ್ಲಿ ನಿಮ್ಮ ಕೀ ಇಲ್ಲ ಎಂದೇ ಅರ್ಥ, ಬೇರೆ ಖಾತೆಯನ್ನು ಹುಡುಕಬೇಕು.

ಮಗ ಫೋನಿನಲ್ಲಿ ಓದಿ ಹೇಳಿದ, ಭಾವ ಬಿಲ್ಲಿನ ಹಿಂದೆ ಬರೆದುಕೊಂಡರು, ಹಾಕಿದರೆ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ಹಾಕಿದರೂ ಅದೇ. ಈ 48 ಅಂಕಿಗಳ ರಚನೆಯಲ್ಲಿಯೇ ಇದಕ್ಕೆ ಪರಿಹಾರ ಇದೆ, ಇದು ತಿಳಿದವರು ಕಡಿಮೆ. ಅಂಕಿಗಳು ಆರಾರರಂತೆ 8 ಗುಂಪುಗಳಲ್ಲಿರುತ್ತವೆ, ಮತ್ತು ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಭಾಗಾಕಾರ ಮಾಡದೆಯೇ ಇದನ್ನು ನೋಡಬಹುದು: ಗುಂಪಿನ 1, 3, 5ನೆಯ ಅಂಕಿಗಳನ್ನು ಕೂಡಿಸಿ, 2, 4, 6ನೆಯವನ್ನು ಬೇರೆ ಕೂಡಿಸಿ, ಎರಡು ಮೊತ್ತಗಳ ವ್ಯತ್ಯಾಸ 0, 11 ಅಥವಾ 22 ಆಗಿದ್ದರೆ ಗುಂಪು ಸರಿಯಿದೆ. ನಾನು ಫೋನಿನಲ್ಲಿಯೇ ಒಂದೊಂದು ಗುಂಪಿಗೂ ಈ ಲೆಕ್ಕ ಮಾಡಿಸಿದೆ. ನಾಲ್ಕನೆಯದು ಹೊಂದಲಿಲ್ಲ. ಅವರ ನಿಜವಾದ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ, ಅದೇ ಬಗೆಯ ಒಂದು ಉದಾಹರಣೆ ಕೊಡುತ್ತೇನೆ. ಬರೆದದ್ದು 341248 ಎಂದಿಟ್ಟುಕೊಳ್ಳಿ. ಒಂದು ಕಡೆ 3, 1, 4 ಸೇರಿ 8. ಇನ್ನೊಂದು ಕಡೆ 4, 2, 8 ಸೇರಿ 14. ವ್ಯತ್ಯಾಸ 6, ಹೀಗಾಗಿ ತಪ್ಪು. ಮೂರನೆಯ ಅಂಕಿ 1 ಅಲ್ಲ, ಅವಸರದಲ್ಲಿ ಬರೆದ 7 ಎಂದು ಓದಿದರೆ ಮೊದಲ ಮೊತ್ತವೂ 14 ಆಗಿ ವ್ಯತ್ಯಾಸ 0 ಆಗುತ್ತದೆ. ಕಾಗದದ ಮೇಲೆ ಗುಂಪಿನಲ್ಲಿ ಒಂದೇ ಒಂದು ಅಂಕಿ ಅಳಿಸಿಹೋಗಿದ್ದರೂ ಇದೇ ಲೆಕ್ಕದಿಂದ ಅದನ್ನು ಮರಳಿ ಪಡೆಯಬಹುದು, ಏಕೆಂದರೆ ಆ ಜಾಗದಲ್ಲಿ ಹೊಂದುವ ಅಂಕಿ ಒಂದೇ ಇರುತ್ತದೆ. ಯಾವ ಗುಂಪೂ 720885ಕ್ಕಿಂತ ದೊಡ್ಡದಿರುವುದಿಲ್ಲ ಎಂಬುದು ಇನ್ನೊಂದು ಸಣ್ಣ ಸುಳಿವು. ಮೊದಲ ಅಂಕಿ 8 ಅಥವಾ 9 ಎಂದು ಬರೆದಿದ್ದರೆ ಅದು ಖಂಡಿತ ತಪ್ಪು.

ಆದರೆ ಇಡೀ ಕೀಯನ್ನು ಊಹಿಸಲು ಈ ಲೆಕ್ಕ ನೆರವಾಗುವುದಿಲ್ಲ. ಪ್ರತಿ ಗುಂಪನ್ನೂ 11ರಿಂದ ಭಾಗಿಸಿದಾಗ ಬರುವ ಸಂಖ್ಯೆ 16 ಬಿಟ್‌ಗಳಷ್ಟು, ಎಂಟು ಸೇರಿ 128 ಬಿಟ್‌ಗಳು. ಅಷ್ಟು ಸಾಧ್ಯತೆಗಳನ್ನು ಒಂದೊಂದಾಗಿ ಹಾಕಿ ನೋಡಿ ಮುಗಿಸಲು ಯಾವ ಯಂತ್ರಕ್ಕೂ ಆಗದು. ಕಳೆದುಹೋದ ಕೀಯನ್ನು ಮೈಕ್ರೋಸಾಫ್ಟ್ ಕೂಡ ಮತ್ತೆ ಸೃಷ್ಟಿಸಿಕೊಡಲಾರದು. ಕೀ ಎಲ್ಲಿಯೂ ಸಿಗದೆ, ಹಳೆಯ ಬೋರ್ಡೂ ಸಿಗದೆ ಹೋದರೆ ಡ್ರೈವನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೊಂದೇ ಉಳಿಯುತ್ತದೆ, ಒಳಗಿನ ಕಡತಗಳು ಹೋದಂತೆಯೇ. "ಬಿಟ್‌ಲಾಕರ್ ಒಡೆದುಕೊಡುತ್ತೇವೆ" ಎಂದು ಹಣ ಕೇಳುವವರಿಗೆ ಕೊಡಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಹಾಗೆ ನೊಂದವರನ್ನು ಕಂಡಿದ್ದೇನೆ.

ಕೀ ಹಾಕಿ ವಿಂಡೋಸ್ ತೆರೆದ ಕೂಡಲೇ ಭಾವನಿಗೆ ಎರಡನೆಯ ತಡೆ ಎದುರಾಯಿತು. ಅವರು ದಿನವೂ ಹಾಕುತ್ತಿದ್ದ ನಾಲ್ಕಂಕಿಯ ಪಿನ್ ಕೆಲಸ ಮಾಡಲಿಲ್ಲ, ಏಕೆಂದರೆ ಆ ಪಿನ್ ಕೂಡ ಹಳೆಯ ಟಿಪಿಎಂಗೆ ಕಟ್ಟಿಕೊಂಡಿತ್ತು. ಖಾತೆಯ ಪಾಸ್‌ವರ್ಡ್ ಹಾಕಿ ಹೊಸ ಪಿನ್ ಮಾಡಿಕೊಳ್ಳಬೇಕಾಯಿತು. ಬೋರ್ಡ್ ಬದಲಿಸುವ ಮುನ್ನ ಆ ಪಾಸ್‌ವರ್ಡ್ ನೆನಪಿದೆಯೇ ಎಂದು ಫೋನಿನಿಂದ ಒಮ್ಮೆ ಲಾಗಿನ್ ಆಗಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಒಮ್ಮೆ ಒಳಗೆ ಹೋದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳುವಂತಿಲ್ಲ. ಡ್ರೈವಿನಲ್ಲಿರುವ ಮೊದಲ ಡಬ್ಬ ಇನ್ನೂ ಹಳೆಯ ಚಿಪ್ಪಿನದೇ ಆಗಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ 48 ಅಂಕಿ ಕೇಳುತ್ತದೆ. ಹೊಸ ಬೋರ್ಡಿನ ಬಯಾಸ್‌ನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಆನ್ ಆಗಿವೆ ಎಂದು ನೋಡಿಕೊಂಡು, ರಿಕವರಿ ಕೀ ಕಾಗದದ ಮೇಲೆ ಇದೆ ಎಂಬುದನ್ನು ಇನ್ನೊಮ್ಮೆ ಖಚಿತಪಡಿಸಿಕೊಂಡು, ಹಳೆಯ ಚಿಪ್ಪಿನ ಕೀಲಿಯನ್ನು ತೆಗೆದು ಹೊಸದನ್ನು ಸೇರಿಸಬೇಕು:

```
manage-bde -protectors -delete C: -type TPM
manage-bde -protectors -add C: -tpm
```

ಆಮೇಲೆ ಎರಡು ಸಲ ಮರುಪ್ರಾರಂಭ ಮಾಡಿ, ನೀಲಿ ಪರದೆ ಬರದಿದ್ದರೆ ಹೊಸ ಚಿಪ್ ಒಪ್ಪಿಕೊಂಡಿದೆ ಎಂದು ತಿಳಿಯಬಹುದು.

ಮುಂಚಿತವಾಗಿ ಮಾಡಬೇಕಾದದ್ದರಲ್ಲಿ ಬಯಾಸ್ ಅಪ್‌ಡೇಟಿಗೂ ದುರಸ್ತಿಗೆ ಕಳುಹಿಸುವುದಕ್ಕೂ ನಾನು ಭೇದ ಮಾಡುತ್ತೇನೆ. ಬಯಾಸ್ ಅಪ್‌ಡೇಟನ್ನು ನೀವೇ ಮನೆಯಲ್ಲಿ ಮಾಡುವುದಾದರೆ ಬೀಗವನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವುದು ಸರಿಯಾದ ದಾರಿ:

```
manage-bde -protectors -disable C: -RebootCount 0
manage-bde -protectors -enable C:
```

ಮೊದಲ ಸಾಲು ಅಪ್‌ಡೇಟಿಗೆ ಮುನ್ನ, ಎರಡನೆಯದು ಎಲ್ಲ ಮುಗಿದು ವಿಂಡೋಸ್ ಸರಿಯಾಗಿ ತೆರೆದ ನಂತರ. ಕೊನೆಯ ಸೊನ್ನೆ ಬಹಳ ಮುಖ್ಯ. ಅದನ್ನು ಕೊಡದಿದ್ದರೆ ಒಂದು ಸಲ ವಿಂಡೋಸ್ ಮರುಪ್ರಾರಂಭವಾದೊಡನೆ ಬೀಗ ತಾನಾಗಿ ಮತ್ತೆ ಬೀಳುತ್ತದೆ. ಅಪ್‌ಡೇಟಿನ ನಂತರ ಬಯಾಸ್ ಸೆಟ್ಟಿಂಗ್‌ಗಳನ್ನು ಸರಿಪಡಿಸಲು ಇನ್ನೊಮ್ಮೆ ಒಳಗೆ ಹೋದರೆ ಅಲ್ಲಿಗೆ ಸಿಕ್ಕಿಕೊಳ್ಳುತ್ತೀರಿ. ಸೊನ್ನೆ ಕೊಟ್ಟರೆ ನೀವು ಹೇಳುವವರೆಗೂ ಬೀಗ ಬೀಳುವುದಿಲ್ಲ. ವಿಂಡೋಸ್ ಒಳಗಿನಿಂದ ಓಡುವ ಕೆಲವು ಬಯಾಸ್ ಅಪ್‌ಡೇಟ್ ಪ್ರೋಗ್ರಾಮ್‌ಗಳು ಈ ಕೆಲಸವನ್ನು ತಾವೇ ಮಾಡುತ್ತವೆ, ಆದರೆ ಪೆನ್‌ಡ್ರೈವ್ ಹಾಕಿ ಬಯಾಸ್ ಒಳಗಿನಿಂದಲೇ ಅಪ್‌ಡೇಟ್ ಮಾಡಿದಾಗ ಅದರ ಸುದ್ದಿಯೇ ವಿಂಡೋಸ್‌ಗೆ ತಲುಪಿರುವುದಿಲ್ಲ.

ಅಮಾನತಿನಲ್ಲಿಟ್ಟಾಗ ಡ್ರೈವಿನ ಮಾಹಿತಿ ಗೂಢಲಿಪಿಯಲ್ಲಿಯೇ ಇರುತ್ತದೆ, ಆದರೆ ಅದನ್ನು ಬಿಡಿಸುವ ಕೀಲಿ ಅದೇ ಡ್ರೈವಿನಲ್ಲಿ ಬಯಲಿಗೆ ಬಿದ್ದಿರುತ್ತದೆ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತೆ. ಆ ಹೊತ್ತಿನಲ್ಲಿ ಡ್ರೈವ್ ಯಾರ ಕೈಯಲ್ಲಿದ್ದರೂ ತೆರೆಯುತ್ತದೆ. ಆದ್ದರಿಂದ ಬೇರೆಯವರ ಕೈಗೆ ಯಂತ್ರ ಕೊಡುವಾಗ ಅಮಾನತು ಮಾಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಗ ಇದ್ದಂತೆಯೇ ಇರಲಿ, 48 ಅಂಕಿ ನಿಮ್ಮ ಬಳಿ ಇರಲಿ, ಮರಳಿ ಬಂದ ಮೇಲೆ ನೀವೇ ಹಾಕಿ ತೆರೆಯಿರಿ. ಬೋರ್ಡ್ ಸರಿಯಿದೆಯೇ ಎಂದು ಪರೀಕ್ಷಿಸಲು ದುರಸ್ತಿಯವರಿಗೆ ನಿಮ್ಮ ಡ್ರೈವಿನ ಒಳಗೆ ಹೋಗಬೇಕಿಲ್ಲ, ತಮ್ಮದೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಬಹುದು. ಅವರು ಕೀ ಕೇಳಿದರೆ ಹಾಗೆಯೇ ಹೇಳಬಹುದು. ಮುನ್ಸೂಚನೆ ಕೊಡದೆ ಬೋರ್ಡ್ ಸತ್ತಾಗ ಅಮಾನತು ಮಾಡುವ ಅವಕಾಶವೂ ಇರುವುದಿಲ್ಲ ಎಂಬುದು ಬೇರೆ ಮಾತು. ಭಾವನಿಗೆ ಆದದ್ದು ಅದೇ.

ಭಾವನ ಯಂತ್ರದಲ್ಲಿ ಆ ದಿನ ಮಾಡಿದ ಕೊನೆಯ ಕೆಲಸ, ಕಂಟ್ರೋಲ್ ಪ್ಯಾನೆಲ್‌ನ "Back up your recovery key" ಆಯ್ಕೆಯಿಂದ ಕೀಯನ್ನು ಅವರ ಸ್ವಂತ ಖಾತೆಗೆ ಸೇರಿಸಿ, ಒಂದು ಪ್ರತಿ ಮುದ್ರಿಸಿದ್ದು. ಕಾಗದದ ಮೇಲೆ ಲ್ಯಾಪ್‌ಟಾಪ್‌ನ ಮಾದರಿ, ದಿನಾಂಕ ಮತ್ತು ಗುರುತಿನ ಮೊದಲ 8 ಅಕ್ಷರಗಳನ್ನು ಬರೆಸಿದೆ, ಏಕೆಂದರೆ ಮನೆಯಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಬಂದ ದಿನ ಎರಡು ಕಾಗದಗಳಲ್ಲಿ ಯಾವುದು ಯಾವುದರದು ಎಂದು ತಿಳಿಯಬೇಕು. ಅವರು ಅದನ್ನು ಲ್ಯಾಪ್‌ಟಾಪ್ ಚೀಲದ ಒಳಜೇಬಿಗೆ ಹಾಕಹೊರಟಿದ್ದರು. ಚೀಲ ಕಳ್ಳತನವಾದರೆ ಬೀಗವೂ ಕೀಲಿಯೂ ಒಟ್ಟಿಗೆ ಹೋಗುತ್ತವೆ ಎಂದು ತಡೆದೆ. ಈಗ ಆ ಕಾಗದ ಜಮೀನಿನ ಪಹಣಿ ಪತ್ರಗಳ ಕಡತದಲ್ಲಿ ಬೀರುವಿನೊಳಗೆ ಇದೆ.